ಪುಣೆಗೆ ಕೊಬ್ಬರಿ ಕಳಿಸುತ್ತೀರಾ

ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಉಂಡೆ ಕೊಬ್ಬರಿ, ಗಾಣದ ಎಣ್ಣೆ, ಕೊಬ್ಬರಿ ಮಿಠಾಯಿ, ಇಷ್ಟೇ ವ್ಯಾಪಾರ. ಅತ್ತೆ ಶುರು ಮಾಡಿದ ಅಂಗಡಿ ಅದು. ಅವರ ಮಂಡಿನೋವು ಹೆಚ್ಚಾದ ಮೇಲೆ ಗಲ್ಲಾದ ಹಿಂದೆ ನಾನು ಕೂತೆ. ಬೋರ್ಡಿನ ಕೆಳಗೆ ವಾಟ್ಸಾಪ್ ನಂಬರು ಬರೆಸಿದವಳೂ ನಾನೇ. ಅದರಿಂದ ಬೆಂಗಳೂರು, ಪುಣೆಗೆಲ್ಲ ಆಗಾಗ ಮಿಠಾಯಿ ಹೋಗುತ್ತಿತ್ತು.

ಒಂದು ಗುರುವಾರ ಬೆಳಿಗ್ಗೆ ಪುಣೆಯಿಂದ ಸಂದೇಶ ಬಂತು. ಬರೆದವರು ಹೆಂಗಸು. ‘ನಮ್ಮ ತವರು ತುರುವೇಕೆರೆ ಕಡೆ. ಭಾನುವಾರ ಮಗಳ ಸೀಮಂತ. ಮಡಿಲು ತುಂಬೋಕೆ ಮೂರು ಕೆಜಿ ಉಂಡೆ ಕೊಬ್ಬರಿ ಬೇಕು. ಪುಣೆಗೆ ಕಳಿಸ್ತೀರಾ? ಎಷ್ಟಾಗುತ್ತೆ? ಯಾವತ್ತು ಸಿಗುತ್ತೆ?’

ಮಿಠಾಯಿ ಎರಡು ದಿನಕ್ಕೆ ಮುಟ್ಟುತ್ತಿತ್ತಲ್ಲ, ಅದೇ ಲೆಕ್ಕ ಹಿಡಿದು, ಕೊಬ್ಬರಿಯ ರೇಟಿನ ಜೊತೆ ಒಂದು ಗಳಿಗೆಯೂ ಯೋಚಿಸದೆ ಬರೆದೆ: ‘ಖಂಡಿತ ಕಳಿಸ್ತೀವಿ ಮೇಡಂ. ಕೊರಿಯರ್ ಐನೂರು ರೂಪಾಯಿ. ಶನಿವಾರ ನಿಮ್ಮ ಮನೆ ಬಾಗಿಲಿಗೇ ಬರುತ್ತೆ.’

ಅವರು ಆಗಲೇ ದುಡ್ಡು ಹಾಕಿದರು. ಜೊತೆಗೊಂದು ಮಾತು: ‘ಪ್ರತಿ ಸಲ ಅಮ್ಮ ತಮ್ಮ ತೋಟದ ಕೊಬ್ಬರಿ ತಂದುಕೊಡೋರು. ಈ ವರ್ಷ ಅಮ್ಮ ಇಲ್ಲ. ಇಲ್ಲಿನ ಅಂಗಡಿಗೆ ಹೇಳಿದ್ದೆ, ಈಗ ಬೇಡ ಅಂದ್ಬಿಟ್ಟೆ.’

ಒಂದೇ ಅಳತೆಯ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರದ ಉಂಡೆಗಳನ್ನು ಆರಿಸಿ ಪೆಟ್ಟಿಗೆಗೆ ತುಂಬಿ ಕೊರಿಯರ್ ಆಫೀಸಿಗೆ ಹೋದೆ. ಅತ್ತೆಯೂ ಜೊತೆಗೆ ಬಂದರು. ಪಕ್ಕದಲ್ಲೇ ಅವರು ಮಾತ್ರೆ ಕೊಳ್ಳುವ ಔಷಧಿ ಅಂಗಡಿ. ಕೌಂಟರಿನವನು ತೂಕಕ್ಕಿಟ್ಟು, ಒಳಗೇನಿದೆ ಎಂದು ಕೇಳಿದ. ಕೊಬ್ಬರಿ ಅಂದೆ. ಅವನು ಪೆಟ್ಟಿಗೆಯನ್ನು ತಕ್ಕಡಿಯಿಂದ ಇಳಿಸಿಬಿಟ್ಟ.

“ಎರಡು ದಿನದ್ದು ವಿಮಾನದಲ್ಲಿ ಹೋಗೋದು ಅಕ್ಕ. ಒಣಕೊಬ್ಬರಿ ವಿಮಾನಕ್ಕೆ ಹಾಕಂಗಿಲ್ಲ. ಎಣ್ಣೆ ಪಸೆ ಅಲ್ವಾ, ತಾನಾಗೇ ಕಾವು ಏರಿ ಬೆಂಕಿ ಹತ್ತುತ್ತೆ ಅಂತ ರೂಲ್ಸು.”

“ಮಿಠಾಯಿ ಹೋಗ್ತಿತ್ತಲ್ಲಪ್ಪ?”

“ಮಿಠಾಯಿ ಬೇರೆ. ಇದನ್ನ ಲಾರೀಲಿ ಕಳಿಸ್ತೀನಿ. ಇನ್ನೂರ ಎಂಬತ್ತು ಆಗುತ್ತೆ. ನಾಲ್ಕೈದು ದಿನ, ಭಾನುವಾರ ಬಿಟ್ಟು.”

ಬೆರಳು ಮಡಚಿ ಎಣಿಸಿದೆ. ಎಷ್ಟು ಬೇಗ ಅಂದರೂ ಮಂಗಳವಾರ. ನನ್ನ ಮಾತು ನಂಬಿ ಆಕೆ ಅಲ್ಲಿಯ ಅಂಗಡಿಗೆ ಬೇಡ ಅಂದಾಗಿತ್ತು.

ಅತ್ತೆ ಹತ್ತಿರ ಬಂದು ಮೆಲ್ಲಗೆ ಹೇಳಿದರು, “ಒಳಗಡೆ ತಿಂಡಿ ಅಂತ ಬರಿ ಕಣೇ. ಯಾರು ಬಿಚ್ಚಿ ನೋಡ್ತಾರೆ? ಒಂದು ಮಾತು ಕೊಟ್ಟಿದೀಯ.”

ಕೌಂಟರಿನವನಿಗೂ ಕೇಳಿಸಿತು. ಫಾರಂ ನನ್ನ ಕಡೆ ಸರಿಸಿ ಫೋನು ನೋಡತೊಡಗಿದ. ನಾನು ಪೆನ್ನು ತೆಗೆದುಕೊಂಡೆ. ಸುಳ್ಳು ಹೇಳುವುದಿಲ್ಲ, ಬರೆಯಲು ಮನಸ್ಸಾಗಿತ್ತು. ಪುಣೆಯ ವಿಳಾಸ ಪೂರ್ತಿ ಬರೆದೂ ಆಯಿತು. ‘ಒಳಗಿರುವ ವಸ್ತು’ ಎಂಬ ಜಾಗಕ್ಕೆ ಬಂದಾಗ ಕೈ ನಿಂತಿತು.

“ಅತ್ತೆ, ನಿಮ್ಮ ತವರಲ್ಲಿ ಕೊಬ್ಬರಿ ಅಟ್ಟ ಸುಟ್ಟಿತ್ತು ಅಂತಿದ್ರಲ್ಲ?”

ಅವರು ನನ್ನ ಮುಖ ನೋಡಿದರು.

“ನೀರು ಹೊಯ್ದರೂ ಆರಲಿಲ್ಲ ಕಣಮ್ಮ,” ಎಂದರು. “ಬ್ಯಾಡ ಬುಡು. ಆಯಮ್ಮನಿಗೆ ಇದ್ದದ್ದು ಇದ್ದಂಗೆ ಹೇಳು. ಬೈದರೆ ಬೈಸ್ಕೋ.”

ಅಂಗಡಿಗೆ ವಾಪಸು ಬಂದೆ. ಆದರೆ ಆಗುವುದಿಲ್ಲ ಎಂದಷ್ಟೇ ಬರೆದು ಕೈ ತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಬೆಂಗಳೂರಿನಿಂದ ಪುಣೆಗೆ ಹೋಗುವ ಸ್ಲೀಪರ್ ಬಸ್ಸುಗಳು ತುಮಕೂರಿನ ಮೇಲೆ ಹೋಗುತ್ತವೆ, ಪಾರ್ಸೆಲ್ಲೂ ಹಾಕಿಕೊಳ್ಳುತ್ತವೆ. ತುಮಕೂರಿನ ಒಬ್ಬ ಬಸ್ ಏಜೆಂಟನಿಗೆ ಫೋನ್ ಮಾಡಿದೆ. ಇವತ್ತು ಡಿಕ್ಕಿ ಭರ್ತಿ, ನಾಳೆ ಸಂಜೆ ಆರರೊಳಗೆ ತಂದರೆ ಶನಿವಾರ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಪುಣೆಯಲ್ಲಿ, ಪೆಟ್ಟಿಗೆಗೆ ಮುನ್ನೂರು, ಮನೆಗೆ ತಲುಪಿಸುವುದಿಲ್ಲ, ಬಸ್ಸಿನ ಹತ್ತಿರ ಬಂದು ಇಳಿಸಿಕೊಳ್ಳಬೇಕು ಎಂದ.

ಇಷ್ಟನ್ನೂ ಬರೆದೆ. ‘ಮೇಡಂ, ವಿಚಾರಿಸದೆ ಉತ್ತರ ಕೊಟ್ಟಿದ್ದು ನನ್ನ ತಪ್ಪು. ಕೊಬ್ಬರಿ ವಿಮಾನದಲ್ಲಿ ಹೋಗಲ್ಲ. ಲಾರಿ ಕೊರಿಯರ್ ಅಂದ್ರೆ ಇನ್ನೂರ ಎಂಬತ್ತು, ಮಂಗಳವಾರ ಅಥವಾ ಬುಧವಾರ. ಬಸ್ಸು ಅಂದ್ರೆ ಮುನ್ನೂರು, ಶನಿವಾರ ಹತ್ತು ಹನ್ನೊಂದು ಗಂಟೆಗೆ, ನೀವೇ ಹೋಗಿ ತಗೋಬೇಕು. ಬಸ್ಸು ತಡವಾದರೆ ನಾನು ಜವಾಬ್ದಾರಿ ಹೊರೋಕಾಗಲ್ಲ. ಎರಡೂ ಬೇಡ ಅಂದ್ರೆ ದುಡ್ಡು ಈಗಲೇ ವಾಪಸು.’

ಓದಿದ್ದಕ್ಕೆ ನೀಲಿ ಗೀಟು ಬಿತ್ತು. ಅರ್ಧ ಗಂಟೆಯಾದ ಮೇಲೆ ಫೋನೇ ಬಂತು.

“ಏನ್ರೀ ಇದು? ಬೆಳಿಗ್ಗೆ ಖಂಡಿತ ಅಂದ್ರಿ. ನಿಮ್ಮೂರಿನ ಇನ್ನೊಂದು ಅಂಗಡಿಯೋರು ಎರಡೇ ದಿನ, ಮನೆಗೇ ಅಂತಾವ್ರೆ. ಅವರಿಗಾಗೋದು ನಿಮಗ್ಯಾಕಾಗಲ್ಲ?”

“ಅವರು ಹೆಂಗೆ ಕಳಿಸ್ತಾರೋ ನಂಗೊತ್ತಿಲ್ಲ ಮೇಡಂ. ನನ್ನ ಕೈಲಾಗೋದು ಇಷ್ಟೇ.”

ದುಡ್ಡು ವಾಪಸು ಕೇಳುತ್ತಾರೆ ಎಂದುಕೊಂಡೆ.

“ಬಸ್ಸಿಗೇ ಹಾಕಿ,” ಎಂದರು. “ನಮ್ಮೆಜಮಾನ್ರನ್ನ ಕಳಿಸ್ತೀನಿ. ಇನ್ನೊಂದ್ಸಲ ಮಾತು ಬದಲಾಯಿಸಬ್ಯಾಡಿ ಕಣ್ರೀ.”

ಶುಕ್ರವಾರ ಮಧ್ಯಾಹ್ನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ತುಮಕೂರಿನ ಬಸ್ಸು ಹತ್ತಿದೆ. ಏಜೆಂಟನಿಗೆ ಕೊಟ್ಟು, ರಸೀದಿ, ಬಸ್ಸಿನ ನಂಬರು, ಡ್ರೈವರನ ಫೋನು ಎಲ್ಲವನ್ನೂ ಪುಣೆಗೆ ಕಳಿಸಿದೆ. ಎಲ್ಲ ಸರಿಯಾಯಿತು ಅಂದುಕೊಂಡು ಊರಿಗೆ ಮರಳಿದೆ.

ಶನಿವಾರ ಹತ್ತೂವರೆಗೆ ಬಸ್ಸಿನ ಕ್ಲೀನರ್ ಫೋನ್ ಮಾಡಿದ. “ಪಾರ್ಸೆಲ್ ತಗೊಳ್ಳೋಕೆ ಯಾರೂ ಬಂದಿಲ್ಲ. ನಾವು ಗಾಡಿ ಶೆಡ್ಡಿಗೆ ಹಾಕ್ತೀವಿ.”

ಆಕೆಗೆ ಫೋನ್ ಮಾಡಿದರೆ ಬ್ಯುಸಿ. ಮತ್ತೆ ಬ್ಯುಸಿ. ಮೂರನೇ ಸಲ ಎತ್ತಿದವರು ಅಳುವ ದನಿಯಲ್ಲಿದ್ದರು. “ನಮ್ಮೆಜಮಾನ್ರು ಎಂಟು ಗಂಟೆಯಿಂದ ಸ್ವಾರಗೇಟ್ ಬಸ್ ಸ್ಟ್ಯಾಂಡ್ ಹತ್ರ ನಿಂತವ್ರೆ ಕಣ್ರೀ. ಬಸ್ಸೇ ಬಂದಿಲ್ಲ, ಡ್ರೈವರು ಫೋನೂ ಎತ್ತಲ್ಲ!”

ಆಗ ಹೊಳೆಯಿತು. ಎಲ್ಲ ಬರೆದಿದ್ದೆ, ಬಸ್ಸು ಪುಣೆಯಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಬರೆದಿರಲಿಲ್ಲ. ಏಜೆಂಟನನ್ನು ಕೇಳಿಯೇ ಇರಲಿಲ್ಲ. ಕ್ಲೀನರನಿಗೆ ಮತ್ತೆ ಫೋನ್ ಹಚ್ಚಿ, ಎಲ್ಲಿದ್ದೀರಪ್ಪ ಎಂದೆ. ಕಾತ್ರಜ್ ದಾಟಿ ಬೈಪಾಸಿನಲ್ಲೇ ಹೋಗಿ ವಾಕಡ್ ಹತ್ತಿರ ನಿಂತಿದ್ದರು. ಊರೊಳಕ್ಕೆ ಆ ಬಸ್ಸು ಹೋಗುವುದೇ ಇಲ್ಲವಂತೆ.

“ಒಂದು ಗಂಟೆ ಕಾಯಪ್ಪ, ಸೀಮಂತದ ಸಾಮಾನು.”

“ನಂಗೆ ನಿದ್ದೆ ಇಲ್ಲ ಅಕ್ಕ.”

“ಬಸುರಿ ಹೆಂಗಸಿನ ಮಡಿಲಿಗೆ ಕಣಪ್ಪ ಅದು.”

ಅವನು ಗೊಣಗಿದ. ಪಕ್ಕದ ಟೀ ಅಂಗಡಿಯಲ್ಲಿ ಇಟ್ಟು ಹೋಗುತ್ತೇನೆ, ರಸೀದಿ ತೋರಿಸಿ ಇಸ್ಕೊಳ್ಳಲಿ ಎಂದ. ಅಂಗಡಿಯವನ ನಂಬರು ಕೊಡಿಸಿದ. ಅದನ್ನು ಪುಣೆಗೆ ಕಳಿಸಿ, ಗಲ್ಲಾದ ಹಿಂದೆ ಕೂತೆ. ಗಿರಾಕಿಯೊಬ್ಬರು ಅರ್ಧ ಲೀಟರ್ ಎಣ್ಣೆ ಕೇಳಿದರೆ ಒಂದು ಲೀಟರ್ ಅಳೆದುಬಿಟ್ಟೆ. ಅತ್ತೆ ಹೆಚ್ಚಾದ ಎಣ್ಣೆಯನ್ನು ಡಬ್ಬಿಗೆ ವಾಪಸು ಸುರಿದರು.

ಹನ್ನೆರಡೂವರೆಗೆ ಆಕೆಯ ಫೋನು.

“ಸಿಕ್ತು ಕಣ್ರೀ. ಒಂದೂ ಒಡೆದಿಲ್ಲ. ನಮ್ಮನೆಯೋರು ಬಿಸಿಲಲ್ಲಿ ಊರೆಲ್ಲ ಸುತ್ತಿ ಬಂದವ್ರೆ, ನನ್ನ ಮೇಲೆ ರೇಗ್ತಾವ್ರೆ. ಮೊದಲೇ ಎಲ್ಲ ಸರಿಯಾಗಿ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ತಪ್ಪಾಯ್ತು ಮೇಡಂ,” ಎಂದೆ.

“ಆಗಲಿ ಬುಡಿ. ವಾಸನೆ ನೋಡಿದೆ. ನಮ್ಮಮ್ಮನ ಅಟ್ಟದಲ್ಲಿ ಬತ್ತಿತ್ತಲ್ಲ, ಹಂಗೇ ಐತೆ.” ಅಷ್ಟು ಹೇಳಿ ಫೋನು ಇಟ್ಟರು.

ಕೊರಿಯರಿನ ಐನೂರರಲ್ಲಿ ಉಳಿದ ಇನ್ನೂರು ರೂಪಾಯಿ ಅವರ ಖಾತೆಗೆ ವಾಪಸು ಹಾಕಿದೆ. ಅತ್ತೆಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: “ಊಟ ಮಾಡಿದ್ಯಾ?” ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎಂಬುದು ಆಗ ನೆನಪಾಯಿತು.