ಉಜ್ವಲಾಳ ರಜೆಯ ದಿನ

ಉಜ್ವಲಾ ಜಗದಾಳೆ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ನನ್ನನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾಳೆ. ಸಾತಾರಾದ ಒಂದು ಖಾಸಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ಐದು ರಾತ್ರಿ ಕೆಲಸ, ನಂತರ ಎರಡು ದಿನ ರಜೆ. ವಯಸ್ಸು ಮೂವತ್ತಾರು. ವಾರಕ್ಕೆ ತೊಂಬತ್ತು ಕಿಲೋಮೀಟರ್ ಓಡುತ್ತಿದ್ದಳು. ಜನವರಿಯ ಮ್ಯಾರಥಾನ್ ಅನ್ನು ಮೂರೂವರೆ ಗಂಟೆಯೊಳಗೆ ಮುಗಿಸಬೇಕೆಂಬ ಹಟ ಅವಳದು. ಆ ಹಟದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿದ್ದುದು ಆಸ್ಪತ್ರೆಯ ಲೆಕ್ಕದ ಬಗ್ಗೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಐದನೆಯ ರಾತ್ರಿ ಮುಗಿಯುತ್ತದೆ. ಆ ಭಾನುವಾರವೇ ಮೊದಲ ರಜೆ ಎಂದು ಆಸ್ಪತ್ರೆ ಬರೆದುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಅದರ ಎಂಟು ಗಂಟೆ ದುಡಿಮೆಯಲ್ಲೇ ಕಳೆದಿರುತ್ತದೆ. ಉಳಿದದ್ದು ನಿದ್ದೆಗೆ ಸೇರಿದ್ದು. ಈ ಮೋಸದ ರಜೆಯನ್ನು ಓಟದ ಗುಂಪಿನ ಕೋಚ್ ವಿಲಾಸ ಬಾಬರ ಹಾಗೆಯೇ ನಂಬಿದ. ರಜೆ ಇದ್ದರೆ ಉದ್ದ ಓಟ, ಅಂದರೆ ಮೂವತ್ತು ಕಿಲೋಮೀಟರ್. ಗುಂಪಿನ ಹಲಗೆಯ ಮೇಲೆ ಓಡದವರ ಹೆಸರಿನ ಮುಂದೆ ಕೆಂಪು ಸೊನ್ನೆ ಬರೆಯುವ ಪದ್ಧತಿಯೂ ಅವನದೇ. ಆ ಸೊನ್ನೆಗೆ ಹೆದರಿ ಇವಳು ಎರಡು ತಿಂಗಳು ನಿದ್ದೆ ಬಿಟ್ಟು ಯವತೇಶ್ವರ ಗುಡ್ಡದ ಏರು ಹತ್ತಿದಳು.

ನವೆಂಬರಿನ ಎರಡನೆಯ ಭಾನುವಾರ ನಾನು ಅಂಗಳದಲ್ಲಿ ಪತ್ರಿಕೆ ಓದುತ್ತಿದ್ದೆ. ಉಜ್ವಲಾ ಸ್ಕೂಟರಿನಿಂದ ಇಳಿದವಳು ಸಮವಸ್ತ್ರದಲ್ಲೇ ಮೆಟ್ಟಿಲ ಮೇಲೆ ಕುಳಿತು ಓಟದ ಬೂಟಿನ ದಾರ ಕಟ್ಟತೊಡಗಿದಳು. ಗೇಟಿನ ಹೊರಗೆ ಬಾಬರ ಬೈಕ್ ನಿಲ್ಲಿಸಿಕೊಂಡಿದ್ದ.

"ಮಲಗಿದ್ದು ಯಾವಾಗ?" ಎಂದೆ.

"ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಕಾಕೂ. ಹನ್ನೆರಡಕ್ಕೆಲ್ಲ ಎದ್ದೆ. ಪಕ್ಕದ ಮದುವೆ ಮನೆ ಬ್ಯಾಂಡು."

"ಸಾಯಂಕಾಲ?"

"ಹದಿನಾರು ಕಿಲೋಮೀಟರ್ ಇತ್ತಲ್ಲ."

ಡ್ಯೂಟಿಗೆ ಮುಂಚೆ ಒಂದೂವರೆ ಗಂಟೆ ಮಲಗು, ನಸುಕಿನ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚು, ಎದ್ದ ಮೇಲೆ ಮಂಪರು ಹರಿಯುವ ತನಕ ರೋಗಿಗೆ ಔಷಧ ಅಳೆಯಬೇಡ ಎಂದು ಅವಳಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ನಲವತ್ತು ವರ್ಷ ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾ ಶಾಸ್ತ್ರ ಕಲಿಸಿದವಳ ಮಾತಿಗಿಂತ ಕೆಂಪು ಸೊನ್ನೆಗೇ ಬೆಲೆ ಹೆಚ್ಚಾಗಿತ್ತು.

"ಬೆಳಗಿನ ನಾಡಿ ಎಷ್ಟಾಗಿದೆ?"

"ಐವತ್ತೆರಡಿತ್ತು. ಈಗ ಹತ್ತು ದಿನದಿಂದ ಅರವತ್ತೊಂದು." ದಣಿವು ತೀರದ ದೇಹದ ಲೆಕ್ಕ ಅದು. ಅವಳು ಬಲ ಮೊಣಕಾಲಿನ ಕೆಳಗೆ ಮುಂಗಾಲ ಮೂಳೆಯ ಮೇಲೆ ಹೆಬ್ಬೆರಳಿಟ್ಟಳು. "ಇಲ್ಲೊಂದೇ ಕಡೆ ಚುಚ್ಚುತ್ತೆ."

ಬಾಬರ ಒಳಗೆ ಬಂದ. "ಅಹೋ ಮ್ಯಾಡಂ, ಸ್ವಲ್ಪ ಬಿಗಿತ ಇರುತ್ತೆ, ಓಡಿದ್ರೆ ಸಡಿಲ ಆಗುತ್ತೆ. ಇವತ್ತು ಇವ್ಳಿಗೆ ರಜಾ ತಾನೆ?"

"ರಾತ್ರಿಯೆಲ್ಲ ನಿಂತವಳಿಗೆ ಯಾವ ರಜಾನಪ್ಪ? ನೀನು ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ?"

"ಒಂಬತ್ತಕ್ಕೆ."

"ಎದ್ದದ್ದು?"

"ಐದಕ್ಕೆ." ನಕ್ಕ. "ನಮ್ಮಪ್ಪ ನಾಲ್ಕಕ್ಕೇ ಎದ್ದು ಎಮ್ಮೆ ಕರೀತಿದ್ರು."

"ಎಮ್ಮೆ ಕರೆದು ಮೂವತ್ತು ಕಿಲೋಮೀಟರ್ ಓಡ್ತಿದ್ರೇನು?"

ಅವನ ನಗು ನಿಂತಿತು. ನಾನು ಉಜ್ವಲಾಳಿಗೆ, "ಎದ್ದು ಬಲಗಾಲೊಂದರಲ್ಲೇ ಒಂದು ಸಲ ಜಿಗಿ. ಒಂದೇ ಸಲ," ಎಂದೆ.

ಅವಳು ಜಿಗಿದಳು. ಅಯ್ಯೋ ಎಂದು ಕೂಗಿ ಕಂಬ ಹಿಡಿದಳು. ಕಣ್ಣಲ್ಲಿ ನೀರು ಬಂತು, ಅದು ಸಿಟ್ಟಿನದು.

"ಹಾಗಾದ್ರೆ ನಾಳೆ ಓಡ್ತಾಳೆ," ಎಂದ ಬಾಬರ.

ಉಜ್ವಲಾ ಬೂಟು ಕಳಚಿ ಅವನ ಕಾಲ ಬಳಿ ಎಸೆದಳು. "ನೀವೇ ಹಾಕ್ಕೊಂಡು ಓಡಿ ಸರ್. ನಾನು ರಾತ್ರಿ ಅಪಘಾತದ ಮೂವರನ್ನ ಸಂಭಾಳಿಸಿದ್ದೀನಿ. ಇವತ್ತು ನನ್ನ ಹೆಸರಿನ ಮುಂದೆ ಎಷ್ಟು ದೊಡ್ಡ ಸೊನ್ನೆ ಬೇಕೋ ಬರ್ಕೊಳ್ಳಿ." ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಹಾಕಿಕೊಂಡಳು. ಕಪ್ಪು ಪರದೆ ಎಳೆದ ಸದ್ದು ಕೇಳಿಸಿತು. ಸಂಜೆ ಐದರವರೆಗೆ ಏಳಲಿಲ್ಲ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇಂಥದ್ದು ಶುರುವಿನಲ್ಲಿ ಅದರಲ್ಲಿ ಕಾಣುವುದು ಅಪರೂಪ. ಎಂಆರ್‌ಐಯಲ್ಲಿ ಸಿಕ್ಕಿತು: ಮೂಳೆ ಬಿರಿಯಲು ಹೊರಟಿತ್ತು. ಆರು ವಾರ ಓಟ ಬಂದ್. ಜನವರಿಯ ಮ್ಯಾರಥಾನ್ ಕೈತಪ್ಪಿತು. ಅದಕ್ಕೆ ಅವಳು ಅತ್ತಳು. ನಾನು ಸಮಾಧಾನ ಹೇಳಲಿಲ್ಲ. ತಪ್ಪಿಸಬಹುದಾಗಿದ್ದ ನಷ್ಟಕ್ಕೆ ಸಮಾಧಾನ ಹೇಳುವುದು ಸುಳ್ಳು.

ಫೆಬ್ರವರಿಯಿಂದ ನಿಧಾನವಾಗಿ ಮತ್ತೆ ಓಡುತ್ತಿದ್ದಾಳೆ, ವಾರಕ್ಕೆ ನಲವತ್ತರಿಂದ ಶುರು. ಭಾನುವಾರ ನಿದ್ದೆ. ಉದ್ದ ಓಟ ಸೋಮವಾರ, ಒಂದು ಪೂರ್ತಿ ರಾತ್ರಿ ಮಲಗಿ ಎದ್ದ ಮೇಲೆ. ಮೊದಲ ಮತ್ತು ಕೊನೆಯ ರಾತ್ರಿಯ ಡ್ಯೂಟಿಯ ದಿನ ಓಟವೇ ಇಲ್ಲ. ಬೆಳಗಿನ ಬೆಳಕು ನಿದ್ದೆ ಕೆಡಿಸದಂತೆ ಮನೆಗೆ ಬರುವಾಗ ಕಪ್ಪು ಕನ್ನಡಕ, ಮದುವೆಯ ಕಾಲಕ್ಕೆ ಕಿವಿಗೆ ಹತ್ತಿ.

ಹಲಗೆಯ ಮೇಲೆ ಪ್ರತಿ ಭಾನುವಾರ ಅವಳ ಹೆಸರಿನ ಮುಂದೆ ಈಗಲೂ ಕೆಂಪು ಸೊನ್ನೆ ಬೀಳುತ್ತದೆಯಂತೆ. ಅವಳು ನೋಡಲು ಹೋಗುವುದಿಲ್ಲ. ಆ ಹೊತ್ತಿಗೆ ಮಲಗಿರುತ್ತಾಳೆ.