ಅಡುಗೆಮನೆಯಲ್ಲಿ ಹೇಳಿದ ಮಾತು

ನನ್ನ ಬಾಯಲ್ಲಿರುವುದು ಮೂವತ್ತು ಹಲ್ಲು. ಎರಡು ಬುದ್ಧಿಹಲ್ಲು ಮದುವೆಗೆ ಮುಂಚೆಯೇ ಕೀಳಿಸಿದ್ದಾಗಿದೆ. ಆದರೆ ಹ್ಯೂಸ್ಟನ್ನಿನ ಆ ಬೇಸಿಗೆಯಲ್ಲಿ ಆಫೀಸಿಗೆ ನಾನು ಹೇಳಿದ ಸುಳ್ಳನ್ನು ನಂಬುವುದಾದರೆ ಪ್ರತಿ ಮಂಗಳವಾರವೂ ನನಗೊಂದು ಹೊಸ ಹಲ್ಲು ಹುಳುಕಾಗುತ್ತಿತ್ತು. ಎರಡೂವರೆಗೆ ಲ್ಯಾಪ್‌ಟಾಪ್ ಮುಚ್ಚಿ, ದವಡೆ ಹಿಡಿದುಕೊಂಡು, "ಡೆಂಟಿಸ್ಟ್" ಎಂದು ಗೊಣಗಿ ಹೊರಟುಬಿಡುತ್ತಿದ್ದೆ. ಏಳನೆಯ ಮಂಗಳವಾರ ನಮ್ಮ ಮ್ಯಾನೇಜರ್ ತಡೆದು ನಿಲ್ಲಿಸಿದರು.

"ಎಷ್ಟು ಹಲ್ಲು ಅದಾವವಾ ನಿನಗ? ಮೊಸಳಿಗೂ ಇಷ್ಟು ಇರಂಗಿಲ್ಲ!"

ಸುತ್ತ ಕೂತಿದ್ದ ಯಾರಿಗೂ ಅರ್ಥವಾಗಲಿಲ್ಲ. ತೈಲ ಕಂಪನಿಗಳೇ ತುಂಬಿದ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಆ ಆರನೆಯ ಮಹಡಿಯಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಅವರು ಧಾರವಾಡದ ಕಡೆಯವರು, ನಾನು ಮೈಸೂರಿನವಳು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತಿಗೆ ಎನ್ನುತ್ತಿದ್ದೆ. ತೈಲ ಕಂಪನಿಯ ಪೈಪ್‌ಲೈನುಗಳ ಲೆಕ್ಕ ನೋಡುವ ಸಾಫ್ಟ್‌ವೇರು ನಮ್ಮದು. ಮೀಟಿಂಗಿನ ಮಧ್ಯೆ ಅಣ್ಣ ಕನ್ನಡದಲ್ಲಿ ಒಂದು ಮಾತು ಎಸೆದರೆ ನನಗೆ ಎಷ್ಟು ಹಾಯೆನಿಸುತ್ತಿತ್ತು ಎಂದು ಇವತ್ತು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮಂಗಳವಾರ ನಾನು ಹೋಗುತ್ತಿದ್ದುದು ಹಲ್ಲಿನ ಡಾಕ್ಟರ ಹತ್ತಿರವಲ್ಲ, ಮನಸ್ಸಿನ ಥೆರಪಿಸ್ಟ್ ಹತ್ತಿರ. ಆ ವರ್ಷ ತೈಲದ ಬೆಲೆ ಬಿದ್ದು, ವಾರಕ್ಕೊಬ್ಬರಂತೆ ಜನ ರಟ್ಟಿನ ಪೆಟ್ಟಿಗೆ ಹೊತ್ತು ಲಿಫ್ಟ್ ಇಳಿಯುತ್ತಿದ್ದರು. ಒಂದು ಬೆಳಿಗ್ಗೆ ಆಫೀಸಿಗೆ ಡ್ರೈವ್ ಮಾಡುವಾಗ ಫ್ರೀವೇ ಮೇಲೆ ನನಗೆ ಉಸಿರು ಸಿಗದೆ ಹೋಯಿತು. ಕೈ ಜೋಮು, ಎದೆ ಡವಡವ. ಹೃದಯವೇ ನಿಂತಿತೆಂದುಕೊಂಡು ಆಸ್ಪತ್ರೆಗೆ ಹೋದರೆ ಹೃದಯ ಕಲ್ಲುಗುಂಡಿನಂತಿದೆ ಎಂದರು. ಅದು ಪ್ಯಾನಿಕ್, ಅದರ ಕೆಳಗೆ ತಿಂಗಳುಗಟ್ಟಲೆ ಕೂತಿದ್ದ ಖಿನ್ನತೆ ಎಂದು ನಮ್ಮ ಡಾಕ್ಟರು ಹೇಳಿದರು. ಮಾತ್ರೆ ಶುರುವಾಯಿತು. ವಾರಕ್ಕೊಮ್ಮೆ ಥೆರಪಿ, ಮೂರು ತಿಂಗಳು ರಾತ್ರಿ ಪಾಳಿಯ ಫೋನು ಬೇಡ, ನಿದ್ದೆ ಕೆಡಬಾರದು ಎಂದರು. ಸಿಸ್ಟಂ ಕೆಟ್ಟಾಗ ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದುಕೊಳ್ಳುವ ಆ ಫೋನು ಮೂರು ವಾರಕ್ಕೊಮ್ಮೆ ನನ್ನ ದಿಂಬಿನ ಪಕ್ಕ ಇರುತ್ತಿತ್ತು.

"ಒಂದು ಫಾರ್ಮ್ ಇದೆ, ನಾನು ತುಂಬಿಕೊಡುತ್ತೇನೆ. ಎಚ್‌ಆರ್‌ಗೆ ಕೊಡಿ. ಮ್ಯಾನೇಜರಿಗೆ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ," ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

ಹೇಳುವುದೋ ಬಿಡುವುದೋ ಎಂದು ಎಷ್ಟು ದಿನ ತೂಗಿದೆನೋ! ನಮ್ಮ ಮನೆ ನಿಂತಿದ್ದುದು ನನ್ನೊಬ್ಬಳ ವೀಸಾದ ಮೇಲೆ. ಗಂಡನದು ಅದಕ್ಕೆ ಗಂಟು ಹಾಕಿದ ವೀಸಾ, ಅದರಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಆರು ವರ್ಷದ ವೀಸಾದಲ್ಲಿ ಐದನೆಯ ವರ್ಷ ಮುಗಿಯುತ್ತ ಬಂದಿತ್ತು. ಆರನೆಯದು ಶುರುವಾಗುವ ಮುಂಚೆ ಕಂಪನಿ ನನ್ನ ಗ್ರೀನ್ ಕಾರ್ಡಿನ ಮೊದಲ ಅರ್ಜಿ ಸಲ್ಲಿಸಬೇಕಿತ್ತು. ಸಲ್ಲಿಸದಿದ್ದರೆ ವೀಸಾ ಮುಗಿದ ದಿನ ಗಂಟುಮೂಟೆ ಕಟ್ಟುವುದೇ ಗತಿ. ಆ ಅರ್ಜಿಯ ಕಾಗದಗಳಿಗೆ ಒಪ್ಪಿಗೆ ಕೊಡಬೇಕಾದವರು ಅಣ್ಣ.

"ಹೇಳೋದಾದ್ರೆ ಬರ್ದು ಕೊಡು ಮಾರಾಯ್ತಿ. ಬಾಯಲ್ಲಿ ಹೇಳಬೇಡ," ಎಂದ ಗಂಡ.

"ಅಣ್ಣಂಗೆ ಹೇಳೋಕೆ ಕಾಗದ ಬೇಕಾ? ಅವರೇನು ಹೊರಗಿನವರಾ?" ಎಂದೆ.

ನನ್ನ ತಪ್ಪು ಇದೇ. ನಮ್ಮವರಿಗೆ ಕಾಗದ ಕೊಡುವುದೆಂದರೆ ಜಗಳ ತೆಗೆದ ಹಾಗೆ ಎಂದು ತಿಳಿದು ಬೆಳೆದವಳು ನಾನು. ಅಣ್ಣನ ತಲೆ ದಾಟಿ ಎಚ್‌ಆರ್‌ಗೆ ಹೋದರೆ ಎಷ್ಟು ನೊಂದುಕೊಳ್ಳುತ್ತಾರೋ ಎಂಬ ಯೋಚನೆ ಬೇರೆ. ನನ್ನ ಉಸಿರು ನಿಲ್ಲುತ್ತಿತ್ತು, ನಾನು ಅವರ ನೋವಿನ ಚಿಂತೆ ಮಾಡುತ್ತಿದ್ದೆ!

ಮೊಸಳೆಯ ಮಾತು ಬಂದ ವಾರದ ಶನಿವಾರ ಅಣ್ಣನ ಮನೆಯಲ್ಲಿ ಊಟವಿತ್ತು. ಅತ್ತಿಗೆ ರೊಟ್ಟಿ ಬಡಿಯುತ್ತಿದ್ದರು. ಅಣ್ಣ ಕಟ್ಟೆಗೊರಗಿ ಶೇಂಗಾ ಬಿಡಿಸುತ್ತಿದ್ದರು. ನಾನು ಎಲ್ಲ ಹೇಳಿದೆ. ಫ್ರೀವೇ, ಮಾತ್ರೆ, ಮಂಗಳವಾರ. ಹೇಳುತ್ತ ಅತ್ತುಬಿಟ್ಟೆ. ಎರಡೇ ಎರಡು ಕೇಳಿಕೊಂಡೆ: ಮಂಗಳವಾರ ಮಧ್ಯಾಹ್ನ ಬಿಡಿ, ಮೂರು ತಿಂಗಳು ರಾತ್ರಿ ಫೋನು ಬೇಡ.

ಅಣ್ಣನ ಕಣ್ಣಲ್ಲೂ ನೀರು ಬಂತು. ಅದು ನಾಟಕವಲ್ಲ, ಇವತ್ತಿಗೂ ಹಾಗೆಂದೇ ಹೇಳುತ್ತೇನೆ. "ಚಿಂತಿ ಮಾಡಬ್ಯಾಡ ತಂಗಿ. ನಾ ಅದೀನಲ್ಲ," ಎಂದರು. ಅತ್ತಿಗೆ ಹಿಟ್ಟಿನ ಕೈಯಲ್ಲೇ ನನ್ನ ತಲೆ ಸವರಿದರು. ಆ ರಾತ್ರಿ ಎಷ್ಟೋ ವಾರಗಳ ನಂತರ ಚೆನ್ನಾಗಿ ನಿದ್ದೆ ಮಾಡಿದೆ.

ಸೋಮವಾರ ಮೀಟಿಂಗಿನಲ್ಲಿ, ಎರಡು ವರ್ಷ ನಾನು ಕಟ್ಟಿದ ಹೊಸ ಸಿಸ್ಟಂ ಚಾಲನೆಗೆ ಬರುವಾಗ ಮುಂದಾಳುತನ ಇನ್ನೊಬ್ಬನದು ಎಂದು ಘೋಷಣೆಯಾಯಿತು. ನಾನು ದಂಗುಬಡಿದು ನೋಡಿದರೆ ಅಣ್ಣ ಕನ್ನಡದಲ್ಲಿ ಮೆಲ್ಲಗೆ, "ನೀ ಆರಾಮ ಮಾಡು," ಎಂದರು. ರಾತ್ರಿಯ ಫೋನೋ? ಅದು ನನ್ನ ಹತ್ತಿರವೇ ಉಳಿಯಿತು, "ಸದ್ಯಕ್ಕ ಮಂದಿ ಇಲ್ಲವಾ" ಎಂದು. ನಾನು ಬೇಡ ಎಂದದ್ದನ್ನು ನನಗೇ ಬಿಟ್ಟು, ಬೇಕಾದದ್ದನ್ನು ಕಿತ್ತುಕೊಂಡ ಈ ಕರುಣೆಗೆ ಏನೆನ್ನಬೇಕು?

ಎರಡು ವಾರ ಕಳೆದು ಕಂಪನಿಯ ವಕೀಲರ ಕಚೇರಿಯಿಂದ ಒಂದು ಸಾಲಿನ ಇಮೇಲ್ ಬಂತು. ಮ್ಯಾನೇಜರ ಸೂಚನೆಯಂತೆ ನನ್ನ ಗ್ರೀನ್ ಕಾರ್ಡ್ ಅರ್ಜಿಯನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ. ನಾನು ನೇರ ಅವರ ಕೋಣೆಗೆ ಹೋದೆ.

"ಅಣ್ಣಾ, ಇದೇನಿದು?"

"ನಿನ್ನ ಒಳ್ಳೇದಕ್ಕ ಮಾಡೀನಿ. ಈ ಟೆನ್ಶನ್‌ನಾಗ ಇನ್ನೊಂದು ಟೆನ್ಶನ್ ಯಾಕ? ಮೊದಲ ಆರಾಮ ಆಗು. ಎರಡ್ಮೂರು ತಿಂಗಳು ತಡಿಯೋಣು."

"ಎರಡು ತಿಂಗಳು ತಡೆದ್ರೆ ನನ್ನ ಗಡುವೇ ಮುಗಿದುಹೋಗುತ್ತೆ. ನಿಮಗದು ಗೊತ್ತಿಲ್ವಾ?"

"ಮತ್ತ ಊರಿಗೆ ಹೋದರ ಏನಾಗತೈತಿ? ಮಂದಿ ಇರ್ತಾರ, ಸಮಾಧಾನ ಇರ್ತದ. ನಿನಗೂ ಚಲೋ."

ಎಲಾ ಇವನ! ನನ್ನ ಬದುಕನ್ನೇ ನನ್ನ ಹೆಸರಿನಲ್ಲಿ ನನ್ನ ಒಳಿತಿಗೆಂದು ತೀರ್ಮಾನಿಸಿ ಕೂತಿದ್ದ ಆಸಾಮಿ! ಜ್ವರ ಬಂದಿದ್ದರೆ ಹೀಗೆ ಮಾಡುತ್ತಿದ್ದರೇ? ಅದೇ ತಂಡದಲ್ಲಿ ಬೈಪಾಸ್ ಮಾಡಿಸಿಕೊಂಡವರೊಬ್ಬರಿದ್ದರು. ಅವರು ಮರಳಿ ಬಂದ ದಿನ ಅಣ್ಣ ಕೇಕು ತರಿಸಿದ್ದರು, ಅವರ ಕುರ್ಚಿ ಅವರಿಗೇ ಇತ್ತು. ತಲೆಯ ಕಾಯಿಲೆ ಎಂದೊಡನೆ ತಲೆಯೇ ಇಲ್ಲವೆಂದು ಅರ್ಥವೇ? ಮೈಯೆಲ್ಲ ಉರಿಯಿತು. ಅದೇ ಉರಿಯಲ್ಲಿ ಡಾಕ್ಟರ ಫಾರ್ಮ್ ಹಿಡಿದು ಎರಡನೆಯ ಮಹಡಿಯ ಎಚ್‌ಆರ್‌ಗೆ ಇಳಿದೆ.

ಅಲ್ಲಿದ್ದಾಕೆ ನಡುವಯಸ್ಸು ದಾಟಿದ, ಮಾತನ್ನು ಎಳೆದೆಳೆದು ಆಡುವ ಟೆಕ್ಸಾಸಿನ ಹೆಂಗಸು. ಫಾರ್ಮ್ ಪೂರ್ತಿ ಓದಿ, ಇದಕ್ಕೆ ಮುಂಚೆ ಕಂಪನಿಯಲ್ಲಿ ಯಾರಿಗಾದರೂ ಹೇಳಿದ್ದಿರಾ ಎಂದು ಕೇಳಿದಳು.

"ಮ್ಯಾನೇಜರಿಗೆ ಹೇಳಿದ್ದೆ. ಅವರ ಮನೆಯ ಅಡುಗೆಮನೆಯಲ್ಲಿ. ನಮ್ಮ ಭಾಷೆಯಲ್ಲಿ," ಎಂದೆ. ಹೇಳುವಾಗಲೇ ಎಷ್ಟು ಪೆದ್ದು ಮಾತು ಅನ್ನಿಸಿತು.

ಆಕೆ ನಗಲಿಲ್ಲ. "ಎಲ್ಲಿ ಹೇಳಿದರೂ, ಯಾವ ಭಾಷೆಯಲ್ಲಿ ಹೇಳಿದರೂ, ಮ್ಯಾನೇಜರಿಗೆ ಹೇಳಿದರೆ ಕಂಪನಿಗೆ ಹೇಳಿದ ಹಾಗೆ. ಅವರು ಅಂದೇ ನಿಮ್ಮನ್ನು ನನ್ನ ಹತ್ತಿರ ಕಳಿಸಬೇಕಿತ್ತು," ಎಂದಳು. ಮನೆಗೆ ಹೋಗಿ ನಡೆದದ್ದನ್ನೆಲ್ಲ ತಾರೀಖಿನ ಸಮೇತ ಇಮೇಲ್ ಮಾಡಿ ಎಂದಳು. ಈ ಫಾರ್ಮ್ ಉಳಿದ ಕಡತಗಳ ಜೊತೆ ಇರುವುದಿಲ್ಲ, ಬೇರೆ ಬೀರುವಿನಲ್ಲಿ ಬೀಗ ಹಾಕಿಡುತ್ತೇವೆ, ಮ್ಯಾನೇಜರಿಗೆ ಸಿಗುವುದು ನಿಮ್ಮ ವೇಳಾಪಟ್ಟಿ ಮಾತ್ರ ಎಂದೂ ಹೇಳಿದಳು.

ಮುಂದಿನ ವಾರ ಮೂವರೂ ಕೂತೆವು. ಅಣ್ಣ ನನ್ನ ಮುಖ ನೋಡದೆ ಇಂಗ್ಲಿಷಿನಲ್ಲಿ ಹೇಳಿದರು: ಈಕೆ ಆಫೀಸಿನಲ್ಲಿ ನನ್ನನ್ನು ಏನೂ ಕೇಳಿಲ್ಲ. ಅದು ಮನೆಯ ಮಾತು, ಅಣ್ಣ ತಂಗಿಯ ಮಾತು.

"ಹಾಗಾದರೆ ಮನೆಯ ಮಾತು ಕೇಳಿ ಆಫೀಸಿನ ಅರ್ಜಿ ಯಾಕೆ ತಡೆದಿರಿ?" ಎಂದಳು ಆಕೆ.

ಮಂಗಳವಾರಗಳು ನನ್ನವಾದವು. ರಾತ್ರಿಯ ಫೋನು ಮೂರು ತಿಂಗಳು ಬೇರೆಯವರ ದಿಂಬಿಗೆ ಹೋಯಿತು. ಗ್ರೀನ್ ಕಾರ್ಡಿನ ಅರ್ಜಿ ಗಡುವಿಗೆ ಒಂಬತ್ತು ದಿನ ಇರುವಾಗ ಸಲ್ಲಿಕೆಯಾಯಿತು. ನನ್ನ ಸಿಸ್ಟಂ ಮಾತ್ರ ನನಗೆ ವಾಪಸು ಬರಲಿಲ್ಲ. ಕೆಲಸ ಮುಂದೆ ಹೋಗಿಬಿಟ್ಟಿದೆಯಂತೆ. ಯಾರದೂ ತಪ್ಪೆಂದು ಯಾವ ಕಾಗದದಲ್ಲೂ ಬರೆಯಲಿಲ್ಲ. ಆ ದಿನದಿಂದ ಅಣ್ಣ ನನ್ನ ಜೊತೆ ಕನ್ನಡ ಮಾತಾಡುವುದನ್ನು ನಿಲ್ಲಿಸಿದರು. "ಗುಡ್ ಮಾರ್ನಿಂಗ್" ಎನ್ನುತ್ತಿದ್ದರು, ನಾನೂ ಅಷ್ಟೇ ಎನ್ನುತ್ತಿದ್ದೆ.

ಬೀಗ ಹಾಕಿದ ಬೀರು ಎಂದೆನಲ್ಲ, ಆ ಬೀಗ ಅಡುಗೆಮನೆಯ ಮಾತಿಗೆ ಬೀಳುವುದಿಲ್ಲವೆಂದು ರಾಜ್ಯೋತ್ಸವದ ಊಟದ ದಿನ ತಿಳಿಯಿತು. ಶಾಲೆಯೊಂದರ ಕ್ಯಾಂಟೀನಿನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಬಡಿಸುವ ಸಾಲಿನಲ್ಲಿ ಅತ್ತಿಗೆ ಇದ್ದರು. ನನ್ನ ತಟ್ಟೆ ಮುಂದೆ ಬಂದಾಗ ಪಕ್ಕದವರಿಗೆ ಹೇಳಿದರು, ಹತ್ತು ಜನಕ್ಕೆ ಕೇಳುವ ಹಾಗೆ: "ಇಕೀಗೆ ಎಣಗಾಯಿ ಕಡಿಮಿ ಹಾಕ್ರಿ, ಖಾರ ಐತಿ. ತಲಿಗೆ ಗುಳಿಗಿ ತಗೊಳಾಕತ್ತಾಳ, ಪಾಪ."

ಪಾಪ! ಆ ಪಾಪ ಯಾರದು ಎಂದು ಕೇಳಬೇಕೆನಿಸಿತು.

"ಧಾರಾಳವಾಗಿ ಹಾಕಿ ಅತ್ತಿಗೆ," ಎಂದೆ, ಅವರಿಗಿಂತ ಜೋರಾಗಿ. "ಮಾತ್ರೆ ತಗೊಳ್ಳೋದು ತಲೆಗೆ, ನಾಲಿಗೆಗಲ್ಲ. ಇನ್ನೊಬ್ಬರ ಮಾತು ಹೊಟ್ಟೇಲಿ ಇಟ್ಕೊಳ್ಳೋಕೆ ಬರದೆ ಇರೋರಿಗೂ ಒಂದು ಮಾತ್ರೆ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು!"

ಅತ್ತಿಗೆಯ ಸೌಟು ಪಾತ್ರೆಯಲ್ಲೇ ನಿಂತಿತು. ನಾನೇ ಬಡಿಸಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಉಸಿರು ಸರಿಯಾಗಿಯೇ ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹೆಂಗಸು ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಅದುವರೆಗೆ ಮುಖಪರಿಚಯ ಮಾತ್ರ. ಬೆಂಗಳೂರಿನವಳು, ನಮ್ಮ ಆಫೀಸಿನಿಂದ ಎರಡು ಕಟ್ಟಡ ಆಚೆ ಕೆಲಸ.

"ನಾನೂ ಮೂರು ತಿಂಗಳಿಂದ ಡೆಂಟಿಸ್ಟ್ ಅಂತ ಹೇಳ್ತಿದೀನಿ," ಎಂದಳು ಅನ್ನ ಕಲೆಸುತ್ತ. "ಆಫೀಸಲ್ಲಿ ಹೇಳೋದಾ ಬೇಡವಾ ಗೊತ್ತಾಗ್ತಿಲ್ಲ. ನಮ್ಮ ಮ್ಯಾನೇಜರೂ ನಮ್ಮೋರೇ. ಒಳ್ಳೆಯವರು. ಮನೆಗೆ ಕರೆದಿದಾರೆ, ಅಲ್ಲೇ ಹೇಳಿಬಿಡ್ಲಾ ಅಂತ..."

"ಹೇಳಿ," ಎಂದೆ. "ಖಂಡಿತ ಹೇಳಿ. ಮುಚ್ಚಿಟ್ಕೊಂಡು ಸಾಯಬೇಡಿ. ಆದ್ರೆ ಎಚ್‌ಆರ್‌ಗೆ ಹೇಳಿ, ಬರೆದು ಹೇಳಿ, ಇಂಗ್ಲಿಷಲ್ಲಿ ಹೇಳಿ. ಅವರ ಮನೇಲಿ ಹೇಳಬೇಡಿ. ಕನ್ನಡದಲ್ಲಿ ಹೇಳಬೇಡಿ."

ಒಳಗಿನಿಂದ ಮೈಕಿನಲ್ಲಿ ಮಕ್ಕಳು ನಾಡಗೀತೆ ಹಾಡುವುದು ಕೇಳಿಸುತ್ತಿತ್ತು. ಆಕೆ ತಲೆಯಾಡಿಸಿದಳು. ನನ್ನ ಉದ್ಯೋಗ ಉಳಿಯಿತು, ಅರ್ಜಿ ಉಳಿಯಿತು, ಕಾಲಕ್ರಮದಲ್ಲಿ ಉಸಿರೂ ಸರಿಹೋಯಿತು. ಆದರೆ ನೊಂದ ಒಬ್ಬ ಕನ್ನಡದ ಹೆಣ್ಣಿಗೆ, ನಿನ್ನ ನೋವನ್ನು ಕನ್ನಡದಲ್ಲಿ ಹೇಳಬೇಡ ಎಂದು ನನ್ನ ಬಾಯಿಂದಲೇ ಹೇಳಿಸಿದರಲ್ಲ, ಅದಕ್ಕೆ ಮಾತ್ರ ನಾನು ಅಣ್ಣನನ್ನು ಕ್ಷಮಿಸಿಲ್ಲ.