ಮಡಿಯಲ್ಲಿ ಕಳಿಸಿದ ಮೆಸೇಜು

೧೯೮೬ರಲ್ಲಿ, ಏಳನೇ ತರಗತಿಯ ನಡುವೆ, ನಾನು ಶಾಲೆ ಬಿಟ್ಟು ಸೋದರಮಾವನ ಜೊತೆ ಅಡುಗೆಗೆ ಹೊರಟೆ. ಸಾಗರದಿಂದ ತೀರ್ಥಹಳ್ಳಿವರೆಗೆ ನಾನು ಪಾಯಸ ಕಾಯಿಸದ ಊರು ಕಡಿಮೆ. ಓದಿದವರು ಹಾಳೆ ನೋಡಿ ಹಾಕುವ ಉಪ್ಪನ್ನು ನಾನು ಅಂಗೈಯಲ್ಲೇ ಅಳೆಯುತ್ತೇನೆ. ಇದು ಜಂಬವೆಂದರೆ ಜಂಬವೇ ಸರಿ.

ಫೋನಿನಲ್ಲಿ ಅಕ್ಷರ ಒತ್ತುವುದು ಮಾತ್ರ ನನಗೆ ಹಿಡಿಸದ ಕೆಲಸ. ಕೈಯಲ್ಲಿ ಸದಾ ಹಿಟ್ಟೋ ಎಣ್ಣೆಯೋ ಇರುತ್ತದೆ. ಅದಕ್ಕೆ ಮಗಳು ಫೋನಿನ ಜೊತೆ ಬಾಯಲ್ಲೇ ಮಾತಾಡುವುದನ್ನು ಕಲಿಸಿಕೊಟ್ಟಳು. ನಮ್ಮ ವ್ಯಾನು ಓಡಿಸುವವಳು ನನ್ನ ಹೆಂಡತಿ. ಓಡಿಸುವಾಗ ಅವಳು ಕರೆ ಎತ್ತುವುದಿಲ್ಲ. ಮೆಸೇಜು ಬಂದರೆ ಸ್ಟೇರಿಂಗಿನ ಪಕ್ಕ ಸಿಕ್ಕಿಸಿದ ಫೋನೇ ಓದಿ ಹೇಳುತ್ತದೆ, ಅವಳು ಬಾಯಲ್ಲೇ ಉತ್ತರ ಕೊಡುತ್ತಾಳೆ.

ಹೊಸನಗರದಾಚೆಯ ಒಂದು ಮನೆಯಲ್ಲಿ ಶ್ರಾದ್ಧದ ಅಡುಗೆ ನನಗೆ ಮೊದಲ ಸಲ ಸಿಕ್ಕಿತ್ತು. ಅವರ ಹಳೆಯ ಅಡುಗೆಯವರಿಗೆ ವಯಸ್ಸಾಗಿತ್ತು. "ಈ ವರ್ಷ ನೋಡ್ತೀವಿ, ಹೊತ್ತಿಗೆ ಸರಿಯಾಗಿ ಎಲೆ ಬಿದ್ರೆ ಮುಂದೂ ನೀವೇ" ಅಂದಿದ್ದರು. ಆ ಮನೆ ಸಿಕ್ಕಿದರೆ ಅವರ ನೆಂಟರ ಮನೆಗಳೂ ಸಿಗುತ್ತವೆಂದು ನನಗೆ ಗೊತ್ತಿತ್ತು.

ಮಡಿ ಬಹಳ ಬಿಗಿ. ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ ಒದ್ದೆಪಂಚೆಯಲ್ಲೇ ಒಲೆ ಹಚ್ಚಬೇಕು. ಆಮೇಲೆ ಫೋನು ಮುಟ್ಟಿದರೆ ಮತ್ತೆ ಸ್ನಾನ. ಹಾಗಾಗಿ ಮೊದಲೇ ಅದನ್ನು ತೆರೆದು, ಪರದೆ ಆರದಂತೆ ಮಾಡಿ, ಕಿಟಕಿಯಾಚೆ ಜಗುಲಿಯಲ್ಲಿ ಚಾರ್ಜಿಗೆ ಹಾಕಿದ್ದೆ. ಆ ಊರಲ್ಲಿ ಸಿಗ್ನಲ್ ಇಲ್ಲ, ಮನೆಗೆ ವೈಫೈ ಇತ್ತು.

"ಇಪ್ಪತ್ತು ನಿಮಿಷ ಬಿಟ್ಟು ಅನ್ನ ಬಸಿಯೋಕೆ ನೆನಪು ಮಾಡು" ಅಂದೆ. "ಸರಿ, ನೆನಪಿಸುತ್ತೇನೆ" ಅಂತು ಫೋನು.

ಮನೆಯ ಹಿರಿಯಮ್ಮ ಬಾಗಿಲಲ್ಲಿ ಪ್ರತ್ಯಕ್ಷ. "ತಮಾ, ಯಾರದಾ ಹೆಂಗಸಿನ ಸ್ವರ?"

"ಫೋನಮ್ಮಾ."

"ಅದು ಸ್ನಾನ ಮಾಡಿದ್ದಾ?"

"ಅದನ್ನ ಮುಟ್ಟೋದೇ ಇಲ್ಲ, ಮಾತು ಮಾತ್ರ."

"ಮಾತಿಗೆ ಮೈಲಿಗೆ ಇಲ್ಲೆ ಬಿಡು" ಅಂದರು. ಆದರೂ ಅಲ್ಲಿಂದ ಕದಲಲಿಲ್ಲ.

ಪಾಯಸಕ್ಕೆಂದು ಬೆಲ್ಲದ ಡಬ್ಬಿ ತೆಗೆದರೆ ಒಳಗೆಲ್ಲ ಇರುವೆ. ಮನೆಯ ಗಂಡಸರು ಪುರೋಹಿತರ ಮುಂದೆ ಕೂತಿದ್ದರು, ಹೆಂಗಸರೆಲ್ಲ ಮಡಿಯಲ್ಲಿದ್ದರು. ನನ್ನವಳು ಬಡಿಸುವ ಪಾತ್ರೆ ತುಂಬಿಕೊಂಡು ಸಾಗರದಿಂದ ಹೊರಟಿದ್ದಳು. ಹೊಸನಗರ ಪೇಟೆ ದಾಟುವ ಮೊದಲೇ ಅವಳಿಗೆ ಸುದ್ದಿ ಮುಟ್ಟಬೇಕು.

"ಮನೆಯವಳಿಗೆ ಮೆಸೇಜು ಕಳಿಸು" ಎಂದು ಕಿಟಕಿಗೆ ಕೂಗಿದೆ. ಫೋನಿನಲ್ಲಿ ಅವಳ ನಂಬರನ್ನು 'ಮನೆಯವಳು' ಅಂತಲೇ ಬರೆದಿಟ್ಟಿದ್ದೆ.

"ಸಂದೇಶ ಏನು?"

"ಬೆಲ್ಲ ಐದು ಕಿಲೋ ತಗೊಂಡು ಬಾ."

ಅಷ್ಟರಲ್ಲಿ ವಡೆಯ ಎಣ್ಣೆ ಹೊಗೆಯಾಡಿತು. ಓಡಿಹೋಗಿ ಬಾಣಲೆ ಇಳಿಸಿದೆ. ಹೇಳಿಯಾಯಿತಲ್ಲ ಎಂದು ನಿಶ್ಚಿಂತೆಯಿಂದ ವಡೆ ತಟ್ಟತೊಡಗಿದೆ.

ವ್ಯಾನು ಅಂಗಳಕ್ಕೆ ಬಂತು. ಪಾತ್ರೆ ಇಳಿಯಿತು, ಬೆಲ್ಲ ಇಳಿಯಲಿಲ್ಲ.

"ಬೆಲ್ಲ ಎಲ್ಲೇ?"

"ಯಾವ ಬೆಲ್ಲ?"

"ಮೆಸೇಜು ಹಾಕಿದ್ನಲ್ಲೇ! ಕಿವಿ ಎಲ್ಲಿಟ್ಟಿದ್ದೆ?"

"ಕಿವಿ ಇಲ್ಲೇ ಉಂಟು ಮಾರಾಯ್ರೆ, ಮೆಸೇಜೇ ಬಂದಿಲ್ಲ. ನೋಡಿ" ಅಂತ ಅವಳು ಪರದೆಯನ್ನು ನನ್ನ ಮುಖಕ್ಕೇ ಹಿಡಿದಳು. ನಾನು ಬಿಡಲಿಲ್ಲ; ಹೇಳಿದ್ದೇನೆಂದರೆ ಹೇಳಿದ್ದೇನೆ.

ತೀರ್ಪು ಕೊಟ್ಟವರು ಹಿರಿಯಮ್ಮ. "ಹೇಳಿದ್ದು ಹೌದು ತಮಾ. ಆದ್ರೆ ಅದು 'ಕಳುಹಿಸಲೇ, ಬದಲಾಯಿಸಲೇ' ಅಂತ ಕೇಳ್ತು. ನೀ ಉತ್ತರ ಕೊಟ್ಟಿದ್ದೇ ಇಲ್ಲೆ. ಪಾಪ, ಕಾದು ಕಾದು ಸುಮ್ಮನಾತು."

ನನ್ನವಳು ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ವ್ಯಾನು ತಿರುಗಿಸಿದಳು. "ಪಾಯಸದ ಅಕ್ಕಿ ಬೇಯಿಸ್ತಾ ಇರಿ, ಬಂದೆ" ಅಂದಳು. ಪುರೋಹಿತರ ಮಂತ್ರ ಮುಂದೆ ಹೋದಷ್ಟೂ ನಾನು ಕಿಟಕಿಯಿಂದ ಅಂಗಳದ ಕಡೆ ಇಣುಕುತ್ತಿದ್ದೆ.

ಅವಳು ಪೇಟೆ ಮುಟ್ಟುವ ಹೊತ್ತಿಗೆ ಏಲಕ್ಕಿಯೂ ಸಾಲದೆಂದು ಕಂಡಿತು. ಮತ್ತೆ ಕಿಟಕಿಗೆ ಹೇಳಿದೆ. ಫೋನು ಸಂದೇಶವನ್ನು ಓದಿ, "ಕಳುಹಿಸಲೇ, ಬದಲಾಯಿಸಲೇ?" ಅಂತು. ನಾನು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಸಿಡಿಲು ಬಡಿದಂತೆ ಹಿರಿಯಮ್ಮನ ಗಂಟಲು:

"ಕಳುಹಿಸು!"

ಫೋನು ಕಳಿಸಿಬಿಟ್ಟಿತು. ಸ್ವಲ್ಪ ಹೊತ್ತಿಗೆ ಟಿಣ್ ಅಂತು. ಓದು ಅಂದೆ. "ಆಯ್ತು. ಈ ಸಲ ಬಂತು" ಎಂದು ಹೆಂಡತಿಯ ಉತ್ತರವನ್ನು ಫೋನು ತನ್ನ ದನಿಯಲ್ಲಿ ಓದಿತು. ಹಿರಿಯಮ್ಮ ಬಾಯಿಗೆ ಸೆರಗು ಒತ್ತಿ ನಕ್ಕರು.

ಬೆಲ್ಲ ಬಂತು, ಕರಗಿತು. ಬ್ರಾಹ್ಮಣರು ಎಲೆಯ ಮುಂದೆ ಕೂರುವಾಗ ಪಾಯಸ ಇನ್ನೂ ಕುದಿಯುತ್ತಿತ್ತು, ಆದರೆ ಬಡಿಸುವ ಹೊತ್ತಿಗೆ ಸರಿಯಾಗಿ ಇಳಿಯಿತು. ಹೊರಡುವಾಗ ಹಿರಿಯಮ್ಮ ನನ್ನನ್ನಲ್ಲ, ನನ್ನ ಹೆಂಡತಿಯನ್ನು ಕರೆದು, "ಬಪ್ಪ ವರ್ಷವೂ ನೀನೇ ಕರ್ಕಂಡು ಬಾ ಇವನ್ನ" ಅಂದರು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ವ್ಯಾನು, ಎರಡು ಫೋನು, ಆರು ದೊಡ್ಡ ಹಂಡೆ, ಕೆಲಸಕ್ಕೆ ನಾಲ್ಕು ಜನ, ಒಬ್ಬಳು ಮಗಳು, ಒಬ್ಬಳು ಹೆಂಡತಿ. ವರ್ಷವೂ ತಪ್ಪದೆ ಕರೆಯುವ ಮನೆಗಳು ಹದಿನೇಳು, ಆ ಮನೆಯೂ ಸೇರಿ.